ಪಿಎಸ್‌ಐ ಕೋಚಿಂಗ್ ಅಂತ ಬರೆದರೆ ಯಾವ ಪತ್ರಿಕೆ, ಎಲ್ಲಿ, ಹೇಗೆ ಅಂತಾನೂ ಬರೆಯಿರಿ

ನಮಸ್ಕಾರ. ಇವತ್ತಿನ ಮಾತು ಧಾರವಾಡದ ಕೋಚಿಂಗ್ ನಡೆಸುವವರಿಗೆ. ಗೂಗಲ್‌ನಲ್ಲಿ ಹುಡುಕಿದಾಗ ನಿಮ್ಮ ಸೈಟಿನ ಶೀರ್ಷಿಕೆಯಾಗಿ ಕಾಣುವ ಒಂದು ಸಾಲು, ಅದರ ಕೆಳಗೆ ವಿವರಣೆಯಾಗಿ ಕಾಣುವ ಎರಡು ಸಾಲು. ಅಷ್ಟರ ಬಗ್ಗೆ ಮಾತ್ರ.

ಬಹಳಷ್ಟು ಕಡೆ ಆ ಮೊದಲ ಸಾಲು ಹೀಗಿರುತ್ತದೆ:

```
<title>No.1 Coaching | KAS PSI PDO FDA SDA TET | 100% Selection</title>
```

ಆರು ಪರೀಕ್ಷೆಗಳ ಹೆಸರಿದೆ, ಒಂದು ಬ್ಯಾಚಿನ ವಿವರವೂ ಇಲ್ಲ. ಇದನ್ನು ಓದುವವರು ಯಾರು? ರೋಣದಲ್ಲೋ ಹಿರೇಕೆರೂರಲ್ಲೋ ಕೂತು, ಮೊಬೈಲ್‌ನಲ್ಲಿ "psi coaching dharwad" ಅಂತ ಹುಡುಕುವ ಹುಡುಗ. ಅವನಿಗೆ ಫೀ ಒಂದೇ ಖರ್ಚಲ್ಲ. ಸಪ್ತಾಪುರದಲ್ಲಿ ರೂಮು, ಅಡ್ವಾನ್ಸ್, ಮೆಸ್ಸು, ಲೈಬ್ರರಿ, ಎಲ್ಲ ಲೆಕ್ಕ ಹಾಕಿ ಬಸ್ಸು ಹತ್ತಬೇಕು.

ಪಿಎಸ್‌ಐ ಅನ್ನೇ ತೆಗೆದುಕೊಳ್ಳಿ. ಲಿಖಿತ ಪರೀಕ್ಷೆಯಲ್ಲಿ ಎರಡು ಪತ್ರಿಕೆ. ಮೊದಲನೆಯದು 50 ಅಂಕ: ಪ್ರಬಂಧ, ಸಾರಾಂಶ ಬರಹ, ಭಾಷಾಂತರ. ಎರಡನೆಯದು 150 ಅಂಕ, ಆಯ್ಕೆ ಮಾದರಿ ಪ್ರಶ್ನೆಗಳು, ಸಾಮಾನ್ಯ ಅಧ್ಯಯನ. ಎರಡನೆಯದನ್ನು ಕಲಿಸೋದು ಸಲೀಸು. ಎಫ್‌ಡಿಎ ಹುಡುಗರು, ಪಿಡಿಒ ಹುಡುಗರು, ಪಿಎಸ್‌ಐ ಹುಡುಗರನ್ನೆಲ್ಲ ಒಂದೇ ಹಾಲ್‌ನಲ್ಲಿ ಕೂಡಿಸಿ ಜಿಕೆ ಪಾಠ ಮಾಡಬಹುದು. ಮೊದಲನೆಯದಕ್ಕೆ ಹಾಗಾಗಲ್ಲ. ಹುಡುಗ ಬರೆಯಬೇಕು, ಅದನ್ನು ಒಬ್ಬರು ಕೂತು ತಿದ್ದಿ ಕೊಡಬೇಕು. ಆ ಕೆಲಸ ಮಾಡದೆ "ಪಿಎಸ್‌ಐ ಬ್ಯಾಚ್" ಅಂತ ಹಾಕಿದರೆ, ಅದು ಸಾಮಾನ್ಯ ಜಿಕೆ ಬ್ಯಾಚಿಗೆ ಪಿಎಸ್‌ಐ ಅಂತ ಬೋರ್ಡು ಬರೆದ ಹಾಗೆ. ಮೈದಾನದ ತಯಾರಿ, ಅಂದರೆ ಓಟ, ಉದ್ದ ಜಿಗಿತ, ಅದು ಇದೆಯೋ ಇಲ್ಲವೋ ಅನ್ನೋದು ಇನ್ನೊಂದು ಪ್ರಶ್ನೆ.

ನಾನು ಬರೆದರೆ ಹೀಗೆ ಬರೆಯುತ್ತೇನೆ. ಇದು ಸುಮ್ನೆ ಮಾದರಿ. ವಿವರ ನಿಮ್ಮದೇ ಹಾಕಿಕೊಳ್ಳಿ.

```
<title>PSI Coaching Dharwad: ಪತ್ರಿಕೆ 1 ಮತ್ತು 2, ತರಗತಿಯಲ್ಲೇ ಪಾಠ</title>
<meta name="description" content="4 ತಿಂಗಳ ಕನ್ನಡ ಮಾಧ್ಯಮ ಬ್ಯಾಚ್. ಸಪ್ತಾಪುರ, ಬೆಳಿಗ್ಗೆ 7ರಿಂದ 10. ಪ್ರಬಂಧ ವಾರಕ್ಕೊಮ್ಮೆ ತಿದ್ದಿ ಕೊಡುತ್ತೇವೆ. ಮೈದಾನದ ತರಬೇತಿ ಇಲ್ಲ.">
```

ಪರೀಕ್ಷೆಯ ಹೆಸರು, ಊರು ಮೊದಲಿಗೆ ಬಂದವು. ಮೊಬೈಲ್‌ನಲ್ಲಿ ಉದ್ದ ಸಾಲು ಕತ್ತರಿಸಿ ಹೋಗುತ್ತದೆ, ಅದಕ್ಕೆ. ಸಂಸ್ಥೆಯ ಹೆಸರು ಬೇಕಾದರೆ ಕೊನೆಗಿರಲಿ. ಬ್ಯಾಚ್ ಶುರುವಾಗುವ ತಾರೀಖನ್ನು ನಾನು ಶೀರ್ಷಿಕೆಗೆ ಹಾಕಲ್ಲ, ಪುಟದೊಳಗೆ ಹಾಕುತ್ತೇನೆ. ಯಾಕಂದರೆ ನೀವು ಬದಲಿಸಿದ ಕೂಡಲೇ ಗೂಗಲ್ ಬದಲಿಸಲ್ಲ. ಅದು ಮತ್ತೊಮ್ಮೆ ಬಂದು ಪುಟ ಓದುವ ತನಕ ಹಳೇ ಸಾಲೇ ನಿಂತಿರುತ್ತದೆ.

"ಮೈದಾನದ ತರಬೇತಿ ಇಲ್ಲ" ಅನ್ನೋ ಮಾತಿಗೆ ಕೋಚಿಂಗ್ ಮಾಲೀಕರೊಬ್ಬರು ನನ್ನ ಜೊತೆ ಜಗಳವನ್ನೇ ತೆಗೆದರು. "ಇಲ್ಲ ಅಂತ ಯಾಕ್ ಬರೀತೀರ್ರಿ? ಫೋನ್ ಮಾಡ್ಲಿ, ನಾವ್ ಮಾತಾಡಿ ಸೇರಿಸ್ಕೊಂತೀವಿ." ಅದೇ ನನ್ನ ತಕರಾರು. ಮಾತಾಡಿ ಸೇರಿಸಿಕೊಂಡ ಹುಡುಗ ಎರಡನೇ ವಾರ ಫೀ ವಾಪಸ್ ಕೇಳುತ್ತಾನೆ.

ಪಾಠದ ರೀತಿಯಲ್ಲಂತೂ ಗೊಂದಲ ಜಾಸ್ತಿ. "ಆನ್‌ಲೈನ್ ಲೈವ್" ಅಂತಾರೆ, ಒಳಗೆ ಹೋದರೆ ಹೋದ ವರ್ಷದ ರೆಕಾರ್ಡಿಂಗ್. "ಆಫ್‌ಲೈನ್" ಅಂತಾರೆ, ಹಾಲ್‌ನಲ್ಲಿ ಪರದೆ ಇಳಿಬಿಟ್ಟು ಬೇರೆ ಊರಿನ ಮೇಷ್ಟ್ರ ವಿಡಿಯೊ. ರೆಕಾರ್ಡಿಂಗ್ ಕೆಟ್ಟದ್ದು ಅಂತ ನಾನು ಹೇಳುತ್ತಿಲ್ಲ. ಹಾವೇರಿಯಲ್ಲಿ ಕೆಲಸಕ್ಕೆ ಹೋಗುತ್ತಾ ರಾತ್ರಿ ಓದುವವರಿಗೆ ಅದೇ ಅನುಕೂಲ, ಅಲ್ವಾ? ಹಾಗಿದ್ದರೆ ರೆಕಾರ್ಡಿಂಗ್ ಅಂತಲೇ ಬರೆಯಿರಿ. ಅವರು ಹುಡುಕುತ್ತಿರೋದೂ ಅದನ್ನೇ.

"100% Selection" ಬಗ್ಗೆ ಹೆಚ್ಚು ಹೇಳಲ್ಲ. 2024ರ ನವೆಂಬರ್‌ನಲ್ಲಿ ಕೇಂದ್ರ ಗ್ರಾಹಕ ರಕ್ಷಣಾ ಪ್ರಾಧಿಕಾರ ಕೋಚಿಂಗ್ ಜಾಹೀರಾತಿಗೆ ಮಾರ್ಗಸೂಚಿ ತಂದಿದೆ. ಆಯ್ಕೆ ಗ್ಯಾರಂಟಿ ಅನ್ನೋ ಹಾಗಿಲ್ಲ. ಪಾಸಾದವರ ಫೋಟೊ ಹಾಕಿದರೆ ಅವರು ಯಾವ ಕೋರ್ಸ್ ಮಾಡಿದ್ದರು ಅಂತಲೂ ಹೇಳಬೇಕು.

ಇನ್ನೊಂದು. ನೀವು ಬರೆದಿದ್ದನ್ನೇ ಗೂಗಲ್ ತೋರಿಸಬೇಕು ಅಂತೇನಿಲ್ಲ. ಶೀರ್ಷಿಕೆಯಲ್ಲಿ ಹಳೇ ವರ್ಷ, ಪುಟದಲ್ಲಿ ಹೊಸ ವರ್ಷ ಇದ್ದರೆ, ಅದು ಪುಟದ ಹೆಡ್ಡಿಂಗನ್ನೇ ಎತ್ತಿ ತೋರಿಸಬಹುದು. ವಿವರಣೆಯ ಬದಲು ಪುಟದೊಳಗಿನ ಯಾವುದೋ ಸಾಲನ್ನು ಹಾಕಬಹುದು. ಹಾಗಾಗಿ ಪುಟದ ಮೊದಲ ಪ್ಯಾರಾದಲ್ಲೂ ಇವೇ ಮಾತು ಇರಲಿ. ಗೂಗಲ್‌ನಲ್ಲಿ `site:` ಅಂತ ಹೊಡೆದು, ಜಾಗ ಬಿಡದೆ ನಿಮ್ಮ ಸೈಟಿನ ವಿಳಾಸ ಹಾಕಿದರೆ ಈಗ ಏನು ಕಾಣುತ್ತಿದೆ ಅಂತ ಗೊತ್ತಾಗುತ್ತದೆ. ಹಳೇದೇ ಇದ್ದರೆ, ಸೈಟ್ ಮಾಲೀಕರಿಗೆ ಅಂತ ಗೂಗಲ್ ಕೊಡುವ ಸರ್ಚ್ ಕನ್ಸೋಲ್‌ನಲ್ಲಿ ಆ ಪುಟದ ವಿಳಾಸ ಕೊಟ್ಟು Request indexing ಒತ್ತಿ, ಕೆಲವು ದಿನ ಕಾಯಿರಿ. ಬ್ಯಾಚ್ ತುಂಬಿದ ಮೇಲೂ ಪುಟ ತೆಗೆಯಬೇಡಿ. "ಈ ಬ್ಯಾಚ್ ತುಂಬಿದೆ, ಮುಂದಿನದಕ್ಕೆ ಹೆಸರು ಬರೆಸಿ" ಅಂತ ಮೇಲೇ ಹಾಕಿ.