ಕಂತು ಎಷ್ಟು ಅಂತ ಕೇಳಬೇಡಿ, ದಾಟೋ ತಿಂಗಳು ಯಾವುದು ಅಂತ ಕೇಳಿ

ನಮಸ್ಕಾರ. ಇವತ್ತು ಬೇರೆ ವಿಷಯ ಮಾತಾಡ್ಬೇಕು ಅಂತ ಸ್ಕ್ರಿಪ್ಟ್ ಬರೆದಿಟ್ಟಿದ್ದೆ. ಆದ್ರೆ ಬೆಳಿಗ್ಗೆ ಒಂದು ಕಾಮೆಂಟ್ ಓದಿದೆ, ಆಮೇಲೆ ಬೇರೆ ಯಾವ ಕೆಲಸಕ್ಕೂ ಕೈ ಹೋಗ್ಲಿಲ್ಲ. ಕಾಮೆಂಟ್ ಹೀಗಿದೆ: "ಸರ್, ಕಾರ್ ಲೋನ್‌ನಲ್ಲಿ ನೋಡಬೇಕಾಗಿರೋದು ಒಂದೇ, ತಿಂಗಳ ಕಂತು ನಮ್ಮ ಸಂಬಳಕ್ಕೆ ಹೊಂದುತ್ತಾ ಇಲ್ವಾ ಅನ್ನೋದು. ಮಿಕ್ಕಿದ್ದೆಲ್ಲಾ ಸುಮ್ನೆ ತಲೆನೋವು."

ಅದರ ಕೆಳಗೆ ನೂರಾರು ಜನ ಲೈಕ್ ಒತ್ತಿದ್ದಾರೆ. ನನಗೆ ನಿಜವಾಗ್ಲೂ ಸಂಕಟ ಆಯ್ತು. ಯಾಕಂದ್ರೆ ಇದೇ ಮಾತನ್ನ ನಂಬಿ ನಾನೂ ಒಂದು ಸಲ ಸಹಿ ಹಾಕಿದ್ದೆ.

ಆ ಕಥೆ ಹೇಳ್ತೀನಿ. ಅಂಕಿಗಳನ್ನ ಸುಲಭ ಮಾಡಿ, ಕಾರಿನ ಬೆಲೆ 100 ಅಂತ ಇಟ್ಕೊಂಡು ಹೇಳ್ತೀನಿ, ನಿಮ್ಮ ಬೆಲೆಗೆ ನೀವೇ ಗುಣಿಸಿಕೊಳ್ಳಿ. ನೋಂದಣಿ, ತೆರಿಗೆ, ವಿಮೆಗೆ ಕೈಯಿಂದ ಕೊಟ್ಟೆ. ಕಾರಿನ 100ಕ್ಕೆ ಪೂರ್ತಿ ಸಾಲ. ಏಳು ವರ್ಷ, ಅಂದ್ರೆ 84 ಕಂತು, ವರ್ಷಕ್ಕೆ ನೂರಕ್ಕೆ 10 ಬಡ್ಡಿ. ಕಂತು ತಿಂಗಳಿಗೆ 1.66. ಹಗುರ ಅನ್ನಿಸ್ತು, ಖುಷಿಯಾಗಿ ಕೀ ತಗೊಂಡು ಬಂದೆ.

ಎರಡು ವರ್ಷ ಆದ್ಮೇಲೆ ಮಾರಬೇಕಾಗಿ ಬಂತು. ಹಳೇ ಕಾರು ಕೊಳ್ಳೋನು ಬಂದ. ಬಾನೆಟ್ಟಿನ ಮೇಲೆ, ಬಾಗಿಲುಗಳ ಮೇಲೆ ಪೇಂಟಿನ ದಪ್ಪ ಅಳೆಯೋ ಪುಟ್ಟ ಯಂತ್ರ ಒತ್ತುತ್ತಾ ಕಾರನ್ನ ಒಂದು ಸುತ್ತು ಹಾಕಿದ. ಟೈರಿನ ಗೆರೆಗೆ ಉಗುರು ಹಾಕಿ ನೋಡಿದ. ಆಮೇಲೆ ಒಂದು ಚೀಟಿ ಮೇಲೆ 68 ಅಂತ ಬರೆದು ನನ್ನ ಕಡೆ ತಳ್ಳಿದ. ನನ್ನ ಕೈಯಲ್ಲಿ ಸಾಲದ ಸ್ಟೇಟ್‌ಮೆಂಟ್ ಇತ್ತು. ಅದರಲ್ಲಿ ಅಸಲು ಬಾಕಿ 78. ಅವನು ಅದನ್ನ ನೋಡಿ ಮೆತ್ತಗೆ ಹೇಳಿದ: "ಸರ್, ಮೊದಲು ಈ 10 ನೀವು ಹಾಕಿ ಸಾಲ ತೀರಿಸಿ. ಕಾಗದ ಬಿಡುಗಡೆ ಆಗದೆ ನಾನು ಕಾರು ತಗೊಳ್ಳೋಕಾಗಲ್ಲ."

ಕಾರು ಮಾರೋಕೆ ಹೋಗಿ ನಾನೇ ದುಡ್ಡು ಕೊಡಬೇಕು! 24 ತಿಂಗಳು ಒಂದು ಕಂತೂ ತಪ್ಪಿಸಿರ್ಲಿಲ್ಲ. ಇದಕ್ಕೇ ನೆಗೆಟಿವ್ ಈಕ್ವಿಟಿ ಅನ್ನೋದು. ವಸ್ತುವಿನ ಬೆಲೆಗಿಂತ ಅದರ ಮೇಲಿನ ಸಾಲ ಜಾಸ್ತಿ ಇರೋ ಸ್ಥಿತಿ.

ಇದು ಹೇಗಾಗುತ್ತೆ? ಎರಡು ಗೆರೆ ಎಳೀರಿ. ಒಂದು ಕಾರಿನ ಬೆಲೆ, ಇನ್ನೊಂದು ಸಾಲದ ಬಾಕಿ. ಎರಡೂ ಕೆಳಗೇ ಇಳಿಯುತ್ವೆ, ಆದ್ರೆ ಇಳಿಯೋ ರೀತಿ ಉಲ್ಟಾ. ಕಾರು ಮೊದಲು ಧಡಾರಂತ ಬೀಳುತ್ತೆ, ಆಮೇಲೆ ನಿಧಾನ. ಸಾಲ ಮೊದಲು ನಿಧಾನ, ಕೊನೆಗೆ ಜೋರು.

ಸಾಲ ಯಾಕೆ ನಿಧಾನ ಅಂದ್ರೆ, ಬಾಕಿ ದೊಡ್ಡದಿದ್ದಾಗ ಬಡ್ಡಿಯೂ ದೊಡ್ಡದು. ನನ್ನ ಮೊದಲನೇ ಕಂತು 1.66 ಇತ್ತಲ್ಲ, ಅದರಲ್ಲಿ 0.83 ಬಡ್ಡಿಗೇ ಹೋಯ್ತು. ಸರಿಯಾಗಿ ಅರ್ಧ! ಒಂದು ವರ್ಷ ಪೂರ್ತಿ ಕಟ್ಟಿದ್ದು ಹತ್ತಿರ ಹತ್ತಿರ 20, ಅಸಲು ಇಳಿದಿದ್ದು 10 ಚಿಲ್ಲರೆ ಮಾತ್ರ. ಅದೇ ಒಂದು ವರ್ಷದಲ್ಲಿ ಕಾರು? ಶೋರೂಮಿನಿಂದ ಆಚೆ ಬಂದು ಅದು ಹಳೇ ಕಾರು ಅನ್ನಿಸಿಕೊಂಡ ತಕ್ಷಣ 90, ವರ್ಷ ತುಂಬೋ ಹೊತ್ತಿಗೆ 80. ಎಲ್ಲಾ ಕಾರೂ ಇದೇ ಲೆಕ್ಕದಲ್ಲಿ ಬೀಳಲ್ಲ, ಮಾಡೆಲ್ ಮೇಲೆ, ಓಡಿದ ದೂರದ ಮೇಲೆ ವ್ಯತ್ಯಾಸ ಇದೆ. ನನ್ನದು ಆಮೇಲೆ ವರ್ಷಕ್ಕೆ ನೂರಕ್ಕೆ 15ರಂತೆ ಇಳಿಯೋ ಜಾತಿ ಅಂತ ಇಟ್ಕೊಳ್ಳಿ.

ಈಗ ವರ್ಷದಿಂದ ವರ್ಷಕ್ಕೆ ನೋಡಿ. ಮೊದಲನೇ ವರ್ಷದ ಕೊನೆಗೆ ಬಾಕಿ 90ರ ಹತ್ರ, ಕಾರು 80. ಎರಡಕ್ಕೆ 78, 68. ಮೂರಕ್ಕೆ 65.5, 57.8. ನಾಲ್ಕು ವರ್ಷ ಕಟ್ಟಿದ ಮೇಲೂ ಬಾಕಿ 51, ಕಾರು 49. ಇನ್ನೂ ಕೆಳಗೇ ಇದ್ದೀನಿ! ಐದನೇ ವರ್ಷದ ಕೊನೆಗೆ ಬಾಕಿ 36, ಕಾರು 42 ಆಗುತ್ತೆ. ನಡುವೆ ಎಲ್ಲೋ ಎರಡು ಗೆರೆ ದಾಟಿದ್ವು. ಲೆಕ್ಕ ಹಾಕಿದ್ರೆ ಅದು ಸುಮಾರು 52ನೇ ತಿಂಗಳು.

52ನೇ ತಿಂಗಳು. ನಾಲ್ಕು ವರ್ಷ ನಾಲ್ಕು ತಿಂಗಳು. ಅಲ್ಲಿ ತನಕ ಕಾರು ಮಾರಿದ್ರೂ ಸಾಲ ತೀರಲ್ಲ. ಕಂತು ಎಷ್ಟು ಅಂತ ನೂರು ಜನ ಹೇಳಿದ್ರು, ಈ 52ನ್ನ ಒಬ್ರೂ ಹೇಳ್ಲಿಲ್ಲ.

ಈ ಮಾತು ನಿಮಗೆ ಉಪಯೋಗ ಅನ್ನಿಸ್ತಿದ್ರೆ ಇಲ್ಲೇ ಸಬ್‌ಸ್ಕ್ರೈಬ್ ಮಾಡಿ, ಗಂಟೆ ಒತ್ತಿ. ಸಾಲದ ಕಾಗದದ ಮುಂದೆ ಕೂತಿರೋ ನಿಮ್ಮ ತಮ್ಮನಿಗೋ ಅಕ್ಕನಿಗೋ ಇವತ್ತೇ ಕಳಿಸಿ, ಸಹಿ ಹಾಕೋ ಮುಂಚೆ ತಲುಪಲಿ.

ಈಗ ಇದೇ ಕಾರು, ಇದೇ 100 ಸಾಲ, ಇದೇ ಬಡ್ಡಿ. ಅವಧಿ ಮಾತ್ರ ಬದಲಾಯಿಸಿ. ಐದು ವರ್ಷ ಮಾಡಿ: ಕಂತು 2.12, ದಾಟೋದು 20ನೇ ತಿಂಗಳ ಹತ್ರ. ನಾಲ್ಕು ವರ್ಷ ಮಾಡಿ: ಕಂತು 2.54, ದಾಟೋದು 11ನೇ ತಿಂಗಳು! ಕಂತು ಒಂದೂವರೆ ಪಟ್ಟು ಆಯ್ತು ನಿಜ. ಆದ್ರೆ ಮುಳುಗಿರೋ ಕಾಲ 52 ತಿಂಗಳಿಂದ 11ಕ್ಕೆ ಬಂತು. ಏಳು ವರ್ಷದ ಸಾಲದಲ್ಲಿ ಹಗುರವಾದ ಕಂತಿಗೆ ನೀವು ಕೊಡೋ ಬೆಲೆ ಈ 41 ತಿಂಗಳು.

"ಹಾಗಾದ್ರೆ ಡೌನ್ ಪೇಮೆಂಟ್ ಜಾಸ್ತಿ ಕೊಟ್ರೆ ಸಾಕಲ್ವಾ" ಅಂತ ಒಬ್ರು ಕೇಳಿದ್ದಾರೆ. ಕೊಡಿ, ಒಳ್ಳೇದೇ. ಆದ್ರೆ ಅದೊಂದನ್ನೇ ನಂಬಬೇಡಿ. 10 ಮೊದಲೇ ಕೊಟ್ಟು 90ಕ್ಕೆ ಏಳು ವರ್ಷದ ಸಾಲ ಮಾಡಿದ್ರೂ ಗೆರೆ ದಾಟೋದು ನಾಲ್ಕನೇ ವರ್ಷದಲ್ಲೇ. ಅಲ್ಲಿ ತನಕ ಆಳ ಕಡಿಮೆ, ಒಂದೆರಡು ಅಂಕಿ ಅಷ್ಟೇ, ಆದ್ರೆ ಕೆಳಗೇ ಇರ್ತೀರಿ. ಡೌನ್ ಪೇಮೆಂಟ್ ಇಷ್ಟೇ ಆದ್ರೆ, ಅವಧಿ ಕಡಿಮೆ ಮಾಡದೆ ಈ ಗೆರೆ ಬೇಗ ದಾಟಲ್ಲ.

ಇನ್ನೊಂದು ವಾದ ಇದೆ, ಪ್ರತಿ ವಿಡಿಯೋ ಕೆಳಗೂ ಬರುತ್ತೆ: "ನಾನು ಹತ್ತು ವರ್ಷ ಕಾರು ಮಾರಲ್ಲ, ನನಗ್ಯಾಕೆ ಇದು?" ಸ್ವಾಮಿ, ನೀವು ಮಾರಲ್ಲ. ಅಪಘಾತ ನಿಮ್ಮನ್ನ ಕೇಳ್ಕೊಂಡು ಬರುತ್ತಾ? ಕಳ್ಳ ಕೇಳ್ಕೊಂಡು ಬರ್ತಾನಾ? 18ನೇ ತಿಂಗಳಲ್ಲಿ ಕಾರು ರಿಪೇರಿಗೆ ಸಿಗದ ಹಾಗೆ ಜಜ್ಜಿ ಹೋಯ್ತು ಅನ್ಕೊಳ್ಳಿ. ಮಾಮೂಲಿ ವಿಮೆ ಕೊಡೋದು ಹೊಸ ಕಾರಿನ ಪೂರ್ತಿ ಬೆಲೆ ಅಲ್ಲ, ಸವಕಳಿ ಕಳೆದ ಬೆಲೆ, ಅದು 74ರ ಆಸುಪಾಸು ಅಂತ ಇಟ್ಕೊಳ್ಳಿ, ಅದರಲ್ಲೂ ನಿಮ್ಮ ಪಾಲಿನ ಕಡಿತ ಇದ್ರೆ ಇನ್ನೂ ಕಡಿಮೆ. ಬಾಕಿ 84. ವಿಮೆಯ ದುಡ್ಡು ನೇರ ಸಾಲ ಕೊಟ್ಟವರಿಗೆ ಹೋಗುತ್ತೆ. ಕಾರಿಲ್ಲ, ಮೇಲೆ 10 ಬಾಕಿ. ಈ ಕಂದಕ ತುಂಬೋಕೆ ಅಂತಲೇ ಗ್ಯಾಪ್ ವಿಮೆ ಅನ್ನೋದು ಇದೆ. ದೀರ್ಘ ಅವಧಿಯ ಸಾಲ ಮಾಡಿಯೇ ತೀರ್ತೀನಿ ಅನ್ನೋರು, ದಾಟೋ ತಿಂಗಳ ತನಕ ಅದು ಸಿಗುತ್ತಾ ವಿಚಾರಿಸಿ. ದಾಟಿದ ಮೇಲೆ ಅದಕ್ಕೆ ಕಾಸು ಕಟ್ಟೋದು ದಂಡ.

"2021ರಲ್ಲಿ ಹಳೇ ಕಾರಿನ ಬೆಲೆ ಏರಿತ್ತಲ್ಲ" ಅಂತಾರೆ. ಏರಿತ್ತು. ಚಿಪ್ ಸಿಗದೆ ಹೊಸ ಕಾರು ತಯಾರಾಗ್ಲಿಲ್ಲ, ಅದಕ್ಕೆ ಏರಿತ್ತು. ಅಂಥ ಏರುಕಾಲದಲ್ಲಿ ಸಾಲ ಮಾಡಿ ಕೊಂಡೋರ ಗತಿ ಬೆಲೆ ಇಳಿದಾಗ ಏನಾಗುತ್ತೆ ಅಂತ ಯೋಚನೆ ಮಾಡಿ. ಅದನ್ನ ಲೆಕ್ಕಕ್ಕೆ ಹಿಡಿಯಬೇಡಿ, ದಯವಿಟ್ಟು.

ಎಲ್ಲಕ್ಕಿಂತ ನನಗೆ ಸಿಟ್ಟು ಬರೋದು ಈ ಒಂದು ಮಾತಿಗೆ: "ಚಿಂತೆ ಬೇಡ ಸರ್, ಹಳೇ ಬಾಕಿಯನ್ನ ಹೊಸ ಕಾರಿನ ಸಾಲಕ್ಕೆ ಸೇರಿಸಿಬಿಡೋಣ." ಇದನ್ನ ಉಪಕಾರ ಅನ್ನೋ ಹಾಗೆ ಹೇಳ್ತಾರೆ! ಮೂರು ವರ್ಷಕ್ಕೆ ಕಾರು ಬದಲಾಯಿಸ್ತೀರಿ, ಕೊರತೆ 7.7. ಹೊಸ ಕಾರು ಮತ್ತೆ 100. ಈಗ ಸಾಲ 107.7. ಹೊಸ ಕಾರು ಆಚೆ ಬಂದ ಕ್ಷಣಕ್ಕೆ ಅದರ ಬೆಲೆ 90. ಮೊದಲನೇ ದಿನವೇ ಸುಮಾರು 18 ಕೆಳಗೆ. ದಾಟೋ ತಿಂಗಳು 52ರಿಂದ 57ಕ್ಕೆ ಜಾರಿತು. ಅಷ್ಟರೊಳಗೆ ಮತ್ತೆ ಬದಲಾಯಿಸಿದ್ರೆ ಮತ್ತೆ ಸೇರಿಸ್ತಾರೆ. ಮಾರಿ ಹೋದ ಕಾರಿಗೆ ಬಡ್ಡಿ ಕಟ್ತಾ ಇರ್ತೀರಿ, ಅದನ್ನ ಬೇರೆ ಯಾರೋ ಓಡಿಸ್ತಾ ಇರ್ತಾರೆ!

ನಿಮ್ಮದು ಈಗ ಎಲ್ಲಿದೆ ಅಂತ ನೋಡೋಕೆ ಎರಡೇ ಅಂಕಿ ಬೇಕು. ಇಲ್ಲಿ ಎರಡು ತಪ್ಪು ಮಾಡ್ತಾರೆ. ಒಂದು, ಉಳಿದ ಕಂತುಗಳನ್ನ ಗುಣಿಸಿ ಅದೇ ಬಾಕಿ ಅನ್ಕೊಳ್ಳೋದು. ಅದರಲ್ಲಿ ಮುಂದಿನ ಬಡ್ಡಿಯೂ ಸೇರಿರುತ್ತೆ. ಕೇಳಬೇಕಾಗಿರೋದು "ಇವತ್ತೇ ಪೂರ್ತಿ ತೀರಿಸಿದ್ರೆ ಎಷ್ಟು" ಅಂತ. ಮುಂಚಿತವಾಗಿ ಮುಗಿಸೋ ಶುಲ್ಕ ಇದ್ರೆ ಅದನ್ನೂ ಸೇರಿಸಿ ಬರೆದುಕೊಡಿ ಅನ್ನಿ. ಇನ್ನೊಂದು, ಜಾಹೀರಾತಿನಲ್ಲಿ ಜನ ಕೇಳ್ತಿರೋ ಬೆಲೆಯನ್ನ ತಮ್ಮ ಕಾರಿನ ಬೆಲೆ ಅನ್ಕೊಳ್ಳೋದು. ಅದು ಕೇಳೋ ಬೆಲೆ, ಕೊಡೋ ಬೆಲೆ ಅಲ್ಲ. ಕಾರನ್ನ ಕಣ್ಣಾರೆ ನೋಡಿ ಒಬ್ಬ ಚೀಟಿ ಮೇಲೆ ಬರೆದುಕೊಡ್ತಾನಲ್ಲ, ಅದೇ ಬೆಲೆ.

ಬಾಕಿ ಜಾಸ್ತಿ ಬಂತಾ? ಕೈಗೆ ಬಂದ ಹಣವನ್ನ ಅಸಲಿಗೆ ಕಟ್ಟಿ. ಅಸಲಿಗೇ ಜಮಾ ಮಾಡಿ ಅಂತ ಬರವಣಿಗೆಯಲ್ಲಿ ಹೇಳಿ, ಇಲ್ಲಾಂದ್ರೆ ಕೆಲವು ಕಡೆ ಮುಂದಿನ ಕಂತು ಅಂತ ಹಿಡ್ಕೊಂಡುಬಿಡ್ತಾರೆ.

ಆ ಕಾಮೆಂಟ್ ಹಾಕಿದವರೇ, ನಿಮಗೇ ಹೇಳ್ತಾ ಇದ್ದೀನಿ. ಕಂತು ಹೊಂದುತ್ತೆ, ಸರಿ. ಯಾವ ತಿಂಗಳಲ್ಲಿ ದಾಟುತ್ತೆ? ಗೊತ್ತಿಲ್ಲ ತಾನೇ? ಗೊತ್ತಿಲ್ಲದೆ ಹೇಗೆ ಸಹಿ ಹಾಕಿದ್ರಿ? ಶೋರೂಮಿನಲ್ಲಿ ಕೇಳಿ, ಸಾಲ ಕೊಡೋರನ್ನ ಕೇಳಿ, ಅವರು ಮತ್ತೆ ಕಂತಿನ ವಿಷಯಕ್ಕೇ ಬರ್ತಾರೆ, ಮತ್ತೆ ಕೇಳಿ. ಯಾವ ತಿಂಗಳು? ಯಾವ ತಿಂಗಳು ಸ್ವಾಮಿ?

ನಿಮ್ಮ ಮೂರು ಅಂಕಿ ಕೆಳಗೆ ಬರೀರಿ: ಕಾರಿನ ಬೆಲೆ 100 ಅಂದ್ರೆ ಇವತ್ತಿನ ಬಾಕಿ ಎಷ್ಟು, ಚೀಟಿ ಮೇಲಿನ ಬೆಲೆ ಎಷ್ಟು, ಎಷ್ಟನೇ ಕಂತು ನಡೀತಿದೆ. ಮುಂದಿನ ಭಾನುವಾರ ಲೈವ್ ಬರ್ತೀನಿ, ಒಂದೊಂದನ್ನೇ ತಗೊಂಡು ಎರಡು ಗೆರೆ ಎಳೀತೀನಿ.