ಆಷಾಢದ ಬಾಡಿಗೆ ಯಾವ ಲೆಕ್ಕಕ್ಕೆ?

ನಮಸ್ಕಾರ. ಹೊಸದಾಗಿ ಘಟಕ ಹಾಕಿದವರ ಲೆಕ್ಕ ಬರೆಯೋದು ನನ್ನ ಕೆಲಸ. ಬಂದವರನ್ನೆಲ್ಲ ನಾನು ಮೊದಲು ಕೇಳೋದು ಒಂದೇ ಪ್ರಶ್ನೆ: "ನಿಮ್ಮ ವ್ಯವಹಾರ ಯಾವತ್ತು ಶುರುವಾಯ್ತು?" ಬಹುತೇಕ ಎಲ್ಲರೂ ಹೇಳೋದು ಪೂಜೆ ಮಾಡಿ ಮೊದಲ ಬಿಲ್ ಹರಿದ ದಿನವನ್ನ. ಆದಾಯ ತೆರಿಗೆ ನೋಡೋದು ಬೇರೆ ದಿನವನ್ನ. ಈ ಎರಡು ದಿನಗಳ ನಡುವೆ ಸಣ್ಣ ಉದ್ಯಮಿಗಳ ದುಡ್ಡು ಸುಮ್ಮನೆ ಸೋರಿಹೋಗ್ತಿದೆ. ಅದನ್ನ ನೋಡಿ ನೋಡಿ ಸಂಕಟ ಆಗಿ ಈ ಮಾತು ಆಡ್ತಿದ್ದೀನಿ.

ಒಂದು ಉದಾಹರಣೆ ತಗೊಳ್ಳೋಣ. ಬ್ಯಾಡಗಿ ಕಡೆಯ ಒಬ್ಬ ಹೆಣ್ಣುಮಗಳು ಖಾರದ ಪುಡಿ ಘಟಕ ಹಾಕ್ತಾರೆ ಅಂತಿಟ್ಟುಕೊಳ್ಳಿ. ಜನವರಿ 1ರಿಂದ ಶೆಡ್ ಬಾಡಿಗೆಗೆ ಹಿಡಿದರು, ತಿಂಗಳಿಗೆ 25,000 ರೂಪಾಯಿ. ಬ್ಯಾಂಕಿಗೆ ಕೊಡೋ ಪ್ರಾಜೆಕ್ಟ್ ರಿಪೋರ್ಟಿಗೆ 40,000 ಖರ್ಚಾಯ್ತು. ಏಪ್ರಿಲ್‌ನಲ್ಲಿ ಯಂತ್ರ ಬಂತು, ಬೆಲೆ 10 ಲಕ್ಷ, ಮೇಲೆ 18% ಜಿಎಸ್‌ಟಿ. ಜೂನ್‌ನಲ್ಲಿ ಒಂದಷ್ಟು ಮೆಣಸಿನಕಾಯಿ ಹಾಕಿ ಓಡಿಸಿ ನೋಡಿದರು. ಜೂನ್ 28ಕ್ಕೆ ಹೆಸ್ಕಾಂ ಸಂಪರ್ಕ ಪಕ್ಕಾ ಆಯ್ತು, 30ಕ್ಕೆ ಆಹಾರ ಸುರಕ್ಷತೆಯ ಎಫ್‌ಎಸ್‌ಎಸ್‌ಎಐ ಲೈಸೆನ್ಸ್ ಕೈಗೆ ಬಂತು. ಜುಲೈ 1ಕ್ಕೆ ಇಬ್ಬರು ಕೆಲಸಗಾರರೂ ಸೇರಿಕೊಂಡರು. ಅಷ್ಟರಲ್ಲಿ ಆಷಾಢ. ಮನೆಯ ಹಿರಿಯರು ಬೇಡ ಅಂದರು. ಶ್ರಾವಣದಲ್ಲಿ ಪೂಜೆ ಮಾಡಿ, ಆಗಸ್ಟ್‌ನಲ್ಲಿ ಮೊದಲ ಬಿಲ್ ಬರೆದರು.

ಈಗ ಜುಲೈ ತಿಂಗಳು ನೋಡಿ. ಬಾಡಿಗೆ 25,000, ಕೂಲಿ 28,000, ಕರೆಂಟಿನ ಕನಿಷ್ಠ ಶುಲ್ಕ 2,000. ಒಟ್ಟು 55,000. ವ್ಯಾಪಾರವೇ ಇಲ್ಲ, ಖರ್ಚು ಮಾತ್ರ ಇದೆ. ಲೆಕ್ಕ ಬರೆಯುವವರು ಇದನ್ನೂ ಜನವರಿಯ ಬಾಡಿಗೆ ಜೊತೆ ಸೇರಿಸಿ "ವ್ಯವಹಾರಪೂರ್ವ ವೆಚ್ಚ" ಅಂತ ಒಂದೇ ಖಾತೆಗೆ ತುಂಬಿಬಿಡ್ತಾರೆ. ಅದು ತಪ್ಪು. ಕಾನೂನಿನ ಪ್ರಕಾರ ಹೊಸ ವ್ಯವಹಾರದ ವರ್ಷ ಲೆಕ್ಕಕ್ಕೆ ಬರೋದು ವ್ಯವಹಾರ "ಸ್ಥಾಪನೆ" ಆದ ದಿನದಿಂದ. 1954ರಲ್ಲಿ ವೆಸ್ಟರ್ನ್ ಇಂಡಿಯಾ ವೆಜಿಟೇಬಲ್ ಪ್ರಾಡಕ್ಟ್ಸ್ ಪ್ರಕರಣದಲ್ಲಿ ಬಾಂಬೆ ಹೈಕೋರ್ಟ್ ಇದನ್ನ ಬಿಡಿಸಿ ಹೇಳಿತು. ವ್ಯವಹಾರ ಶುರು ಮಾಡೋಕೆ ಎಲ್ಲ ಸಜ್ಜಾಗಿ ನಿಂತ ದಿನ ಅದು ಸ್ಥಾಪನೆ ಆದಂತೆ. ನಿಜವಾಗಿ ವ್ಯಾಪಾರ ಆರಂಭ ಆಗೋದು ಆಮೇಲೆ ಇರಬಹುದು. ಆದರೂ ಈ ಎರಡು ದಿನಗಳ ನಡುವಿನ ಖರ್ಚನ್ನ ಆದಾಯದಲ್ಲಿ ಕಳೆಯೋಕೆ ಬರುತ್ತೆ. ನಮ್ಮ ಉದಾಹರಣೆಯಲ್ಲಿ ಎಲ್ಲ ಸಜ್ಜಾದ ದಿನ ಜುಲೈ 1. ಹಾಗಾಗಿ ಆಷಾಢದ ಆ 55,000 ಪೂರ್ತಿ ಅದೇ ವರ್ಷದ ಖರ್ಚು. ಮುಹೂರ್ತಕ್ಕೆ ಕಾದರು ಅನ್ನೋ ಕಾರಣಕ್ಕೆ ಅವರು ಅದನ್ನ ಕಳೆದುಕೊಳ್ಳಬೇಕಿಲ್ಲ.

ಜನವರಿಯಿಂದ ಜೂನ್‌ವರೆಗಿನ ಖರ್ಚು ಮೂರು ದಾರಿ ಹಿಡಿಯುತ್ತೆ.

ಯಂತ್ರಕ್ಕೆ ನೇರವಾಗಿ ಅಂಟಿಕೊಂಡದ್ದು ಯಂತ್ರದ ಬೆಲೆಗೇ ಸೇರುತ್ತೆ. ಲಾರಿ ಬಾಡಿಗೆ ಮತ್ತು ಅಡಿಪಾಯ 60,000. ಪರೀಕ್ಷೆಗೆ ಹಾಕಿದ ಮೆಣಸಿನಕಾಯಿಯಲ್ಲಿ, ಆ ಪುಡಿ ಮಾರಿ ಬಂದದ್ದು ಕಳೆದು, 20,000. ಯಂತ್ರದ ಸಾಲದ ಬಡ್ಡಿ 40,000. ಚಲ್ಲಪಲ್ಲಿ ಶುಗರ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಒಪ್ಪಿದ್ದು ಇದನ್ನೇ: ಉತ್ಪಾದನೆಗೆ ಮುಂಚಿನ ಬಡ್ಡಿ ಯಂತ್ರದ ನಿಜವಾದ ಬೆಲೆಯ ಭಾಗ. ಬಡ್ಡಿಯ ವಿಷಯದಲ್ಲಿ ಒಂದು ಎಚ್ಚರ ಬೇಕು. ಇದಕ್ಕೆ ಗಡಿ ಸ್ಥಾಪನೆಯ ದಿನ ಅಲ್ಲ, ಯಂತ್ರವನ್ನ ಬಳಕೆಗೆ ತಂದ ದಿನ. ಜುಲೈ ಬಾಡಿಗೆ ಖರ್ಚಿಗೆ ಹೋಯ್ತು ಅಂತ ಜುಲೈ ಬಡ್ಡಿಯನ್ನೂ ಕಣ್ಣುಮುಚ್ಚಿ ಅಲ್ಲಿಗೇ ಹಾಕಬೇಡಿ.

ಎರಡನೆಯದು ಪ್ರಾಜೆಕ್ಟ್ ರಿಪೋರ್ಟ್. 1961ರ ಕಾಯ್ದೆಯ ಕಲಂ 35ಡಿ ಇಂಥ ಕೆಲವು ಖರ್ಚುಗಳನ್ನ ಹೆಸರು ಹಿಡಿದು ಪಟ್ಟಿ ಮಾಡಿತ್ತು: ಯೋಜನಾ ವರದಿ, ಮಾರುಕಟ್ಟೆ ಸಮೀಕ್ಷೆ, ಕರಾರು ಬರೆಸಿದ ವಕೀಲರ ಶುಲ್ಕ, ಕಂಪನಿಯಾದರೆ ನೋಂದಣಿ ಶುಲ್ಕ. ಇವು ಯೋಜನಾ ವೆಚ್ಚದ 5% ಮೀರದಂತೆ, ಐದು ವರ್ಷಕ್ಕೆ ಸಮನಾಗಿ ಹಂಚಿಕೊಂಡು ಕಳೆಯಬೇಕು. 2026ರ ಏಪ್ರಿಲ್ 1ರಿಂದ 2025ರ ಹೊಸ ಕಾಯ್ದೆ ಬಂದಿದೆ, ಕಲಂಗಳ ಸಂಖ್ಯೆ ಬದಲಾಗಿದೆ, ಅದನ್ನ ನೋಡಿಕೊಳ್ಳಿ. ನಮ್ಮ ಲೆಕ್ಕದಲ್ಲಿ 40,000ಕ್ಕೆ ವರ್ಷಕ್ಕೆ 8,000 ಸಿಗುತ್ತೆ. ಆದರೆ ಕಂಪನಿಯೂ ಸಹಕಾರ ಸಂಘವೂ ಅಲ್ಲದವರು ಇದನ್ನ ಕೇಳಬೇಕಾದರೆ ಖರ್ಚು ಮಾಡಿದ ವರ್ಷದ ಲೆಕ್ಕವನ್ನ ಆಡಿಟ್ ಮಾಡಿಸಿ ವರದಿ ಕೊಡಬೇಕು ಅಂತ 35ಡಿಯಲ್ಲೇ ಇತ್ತು. ವರ್ಷಕ್ಕೆ 8,000 ಕಳೆಯೋಕೆ ಆಡಿಟ್ ಫೀಸು ಎಷ್ಟಾಗುತ್ತೆ ಅಂತ ನೀವೇ ಯೋಚಿಸಿ. ಸೌಲಭ್ಯ ಇದ್ದರೂ ಸಣ್ಣವರ ಕೈಗೆ ಎಟುಕೋದಿಲ್ಲ.

ಇನ್ನು ನನ್ನನ್ನ ಹೆಚ್ಚು ಕಾಡೋದು ಮೂರನೆಯದು, ಜನವರಿಯಿಂದ ಜೂನ್‌ವರೆಗಿನ ಶೆಡ್ ಬಾಡಿಗೆ 1,50,000. ಅದು ಸ್ಥಾಪನೆಗೆ ಮುಂಚಿನದು, ಹಾಗಾಗಿ ಆ ವರ್ಷದ ಖರ್ಚಲ್ಲ. 35ಡಿ ಪಟ್ಟಿಯಲ್ಲಿ ಬಾಡಿಗೆ ಇಲ್ಲ. ಯಂತ್ರ ಕೂರಿಸುತ್ತಿದ್ದ ದಿನಗಳ ಪಾಲನ್ನ ಯಂತ್ರದ ಬೆಲೆಗೆ ಸೇರಿಸಬಹುದು ಅಂತ ವಾದಿಸಬಹುದು, ದಾಖಲೆ ಗಟ್ಟಿ ಇದ್ದರೆ. ಖಾಲಿ ಶೆಡ್‌ಗೆ ಕೊಟ್ಟ ಮೂರು ತಿಂಗಳ ಬಾಡಿಗೆಗೆ ಮಾತ್ರ ನೆಲೆಯೇ ಇಲ್ಲ. ವರ್ಷಕ್ಕೆ ಐದರಲ್ಲಿ ಒಂದು ಪಾಲು ಅಂತ ಬರೆದುಕೊಂಡು ಹೋಗೋ ಹಳೇ ರೂಢಿ ಲೆಕ್ಕಪತ್ರದ ನಿಯಮಕ್ಕೂ ಹೊಂದೋದಿಲ್ಲ. ಲೆಕ್ಕಪತ್ರ ಮಾನಕ 26ರ ಪ್ರಕಾರ ಆರಂಭದ ಇಂಥ ವೆಚ್ಚವನ್ನ ಆಸ್ತಿ ಅಂತ ಬ್ಯಾಲೆನ್ಸ್ ಶೀಟಿನಲ್ಲಿ ಹೊತ್ತು ತಿರುಗುವ ಹಾಗಿಲ್ಲ, ಆಯಾ ವರ್ಷದ ನಷ್ಟಕ್ಕೇ ಹಾಕಬೇಕು. ತೆರಿಗೆಯವರು ಆ ನಷ್ಟವನ್ನ ಒಪ್ಪಲ್ಲ. ಬಾಡಿಗೆ ನಿಜವಾಗಿ ಕೊಟ್ಟಿದ್ದು, ಘಟಕಕ್ಕಾಗಿಯೇ ಕೊಟ್ಟಿದ್ದು. ಯೋಜನಾ ವರದಿಗೆ ಕೊಟ್ಟ ದುಡ್ಡು ಪಟ್ಟಿಯಲ್ಲಿ ಇರಬಹುದಾದರೆ ಬಾಡಿಗೆ ಯಾಕೆ ಇರಬಾರದು? ಈ ಪಟ್ಟಿಗೆ ಬಾಡಿಗೆ ಮತ್ತು ಕೂಲಿ ಎರಡನ್ನೂ ಸೇರಿಸಬೇಕು ಅನ್ನೋದು ನನ್ನ ಗಟ್ಟಿ ಅಭಿಪ್ರಾಯ.

ಎಲ್ಲಕ್ಕಿಂತ ದೊಡ್ಡ ಪೆಟ್ಟು ಬಿದ್ದದ್ದು ಜಿಎಸ್‌ಟಿಯಲ್ಲಿ. ಅವರು ನೋಂದಣಿ ಮಾಡಿಸಿದ್ದು ಜುಲೈನಲ್ಲಿ, ಯಂತ್ರದ ಬಿಲ್ ಏಪ್ರಿಲ್‌ನದು. ಖರೀದಿಯಲ್ಲಿ ಕೊಟ್ಟ ಜಿಎಸ್‌ಟಿಯನ್ನ ಮಾರಾಟದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳೋದಕ್ಕೆ ಕ್ರೆಡಿಟ್ ಅಂತಾರೆ. ಹೊಸದಾಗಿ ನೋಂದಾಯಿಸಿದವರಿಗೆ ಹಿಂದಿನ ಕ್ರೆಡಿಟ್ ಸಿಗೋದು ಕೈಯಲ್ಲಿ ಉಳಿದ ಕಚ್ಚಾ ಸರಕು ಮತ್ತು ಪುಡಿಯ ದಾಸ್ತಾನಿಗೆ ಮಾತ್ರ. ಯಂತ್ರಕ್ಕಿಲ್ಲ, ಬಾಡಿಗೆಯಂಥ ಸೇವೆಗೂ ಇಲ್ಲ. 1,80,000 ಹೋಯ್ತು. ಅದನ್ನ ಯಂತ್ರದ ಬೆಲೆಗೆ ಸೇರಿಸಿದರೆ ಒಟ್ಟು 13,00,000. ಅದರ ಮೇಲೆ 15% ಸವಕಳಿ, ಮೊದಲ ವರ್ಷಕ್ಕೆ 1,95,000. ಅಂದರೆ ಪೂರ್ತಿ ವಾಪಸ್ ಬರಬಹುದಾಗಿದ್ದ ತೆರಿಗೆ ಈಗ ವರ್ಷವರ್ಷ ಸವೆಯುತ್ತಾ ಸ್ವಲ್ಪ ಸ್ವಲ್ಪ ಮಾತ್ರ ಉಪಯೋಗಕ್ಕೆ ಬರುತ್ತೆ. ವ್ಯಾಪಾರ ಶುರುವಾಗುವ ಮುಂಚೆಯೇ ಸ್ವಇಚ್ಛೆಯಿಂದ ನೋಂದಣಿ ಪಡೆಯೋಕೆ ಅವಕಾಶ ಇದೆ. ಮಾರಾಟ ಶೂನ್ಯ ಇದ್ದರೂ ರಿಟರ್ನ್ ತುಂಬುತ್ತಾ ಇರಬೇಕು, ಆ ಕಿರಿಕಿರಿ ನಿಜ. ಆದರೂ ದೊಡ್ಡ ಯಂತ್ರ ತರಿಸುವವರು ಆರ್ಡರ್ ಕೊಡೋ ಮೊದಲು ಇದನ್ನ ಮಾಡಿಕೊಳ್ಳಿ.

ಹಾಗೇ ಒಂದು ಫೈಲ್ ಮಾಡಿ ಇಟ್ಟುಕೊಳ್ಳಿ. ಕರೆಂಟ್ ಸಂಪರ್ಕದ ಪತ್ರ, ಲೈಸೆನ್ಸ್, ಯಂತ್ರ ಕೂರಿಸಿದವರು ಪರೀಕ್ಷೆ ಮುಗಿಸಿ ಸಹಿ ಹಾಕಿದ ಕಾಗದ, ಕೆಲಸಗಾರರ ಮೊದಲ ಹಾಜರಿ ಪುಸ್ತಕ, ಮಾರಾಟಕ್ಕಾಗಿ ಕೊಂಡ ಮೊದಲ ಮೆಣಸಿನಕಾಯಿಯ ಬಿಲ್. ಎಲ್ಲದರಲ್ಲೂ ದಿನಾಂಕ ಇರಲಿ. ಯಾವತ್ತು ಸಜ್ಜಾದಿರಿ ಅಂತ ಅಧಿಕಾರಿ ಕೇಳಿದಾಗ, ಪೂಜೆಯ ಆಮಂತ್ರಣ ಪತ್ರಿಕೆ ಬದಲು ಈ ಫೈಲನ್ನ ಅವರ ಮುಂದಿಡಿ.