ಅಜ್ಜಿ ಹೇಳಿದ್ದು, ನಾವು ಬರೆದದ್ದು

ಕೇಳುಗರಿಗೆಲ್ಲ ನಮಸ್ಕಾರ. ಅಜ್ಜಿಯ ಕಥೆಗಳು ವಾಯ್ಸ್ ನೋಟ್ ಆಗಿ ಫೋನಿನಲ್ಲಿವೆ. ಫೋನೇ ಅದನ್ನು ಅಕ್ಷರಕ್ಕೂ ಇಳಿಸಿಕೊಟ್ಟಿದೆ. ಓದಲು ಹೋದರೆ ತಲೆಬುಡ ಇಲ್ಲ. ಇದನ್ನು ಮನೆಮಂದಿ ಕೂತು ಓದುವ ಹಾಗೆ ಮಾಡುವುದು ಹೇಗೆ? ಒಂದೇ ನಿಯಮ ಹೇಳುತ್ತೇನೆ. ತೆಗೆಯಿರಿ, ಜಾಗ ಬದಲಿಸಿ, ಆದರೆ ಸೇರಿಸಬೇಡಿ.

ನನ್ನ ಹತ್ತಿರ ಬರವಣಿಗೆ ತೋರಿಸಲು ಬರುವ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಅವನ ಅಜ್ಜಿ ಹೇಳಿದ್ದು ಹೀಗೆ:

'ಆಮೇಲೆ ಏನಾಯ್ತು ಅಂದ್ರೆ, ಅಪ್ಪ ಬರ್ಲೇ ಇಲ್ಲ ಆವತ್ತು. ಮಳೆ. ಅಯ್ಯೋ ಏನ್ ಮಳೆ ಅಂತೀಯ. ಅಲ್ಲ ಅಲ್ಲ, ಮಳೆ ಮಾರನೇ ದಿನ. ಆವತ್ತು ಬರೀ ಗಾಳಿ. ದೀಪ ನಿಲ್ಲಲೇ ಇಲ್ಲ. ಅವ್ಳು ಹಚ್ತಾಳೆ, ಆರತ್ತೆ. ಹಚ್ತಾಳೆ, ಆರತ್ತೆ. ಇರು, ಯಾರೋ ಬಾಗ್ಲು ತಟ್ಟಿದ್ರು. ಹಾಂ, ಅಪ್ಪ ಬರ್ಲೇ ಇಲ್ಲ.'

ಫೋನು 'ದೀಪ'ವನ್ನು 'ದೀಪಾ' ಮಾಡಿತ್ತು. 'ಹಚ್ತಾಳೆ, ಆರತ್ತೆ' ಎನ್ನುವುದು 'ಹತ್ತಾಳೆ, ಹಾರತ್ತೆ' ಆಗಿತ್ತು. ಹುಡುಗ ಆಡಿಯೋ ಕೇಳಲೇ ಇಲ್ಲ. ಹತ್ತುವುದು, ಹಾರುವುದು ಅರ್ಥವಾಗದೆ ಆ ಸಾಲನ್ನೇ ಹೊಡೆದುಹಾಕಿದ. ಆಮೇಲೆ ಬರೆದ: 'ಧಾರಾಕಾರ ಮಳೆ ಸುರಿಯುತ್ತಿತ್ತು. ತಾಯಿಯ ಕಣ್ಣುಗಳಲ್ಲಿ ಆತಂಕ ಮಡುಗಟ್ಟಿತ್ತು. ದೀಪಾ ಕೂಡ ಆ ರಾತ್ರಿ ನಮ್ಮ ಮನೆಯಲ್ಲಿ ನಿಲ್ಲಲಿಲ್ಲ.' ಅಜ್ಜಿಗೆ ಓದಿ ಹೇಳಿದರೆ ಅವರು, 'ಯಾರ್ ಮನೆ ಕಥೆನೋ ಇದು? ದೀಪಾ ಯಾರು?' ಎಂದರಂತೆ. ನಾನು ಇದನ್ನು ನೆನೆದು ಈಗಲೂ ನಗುತ್ತೇನೆ.

ನೋಡಿ, ಮಳೆ ಅಜ್ಜಿ ತಾನೇ ವಾಪಸ್ ತೆಗೆದುಕೊಂಡದ್ದು. 'ಅಲ್ಲ ಅಲ್ಲ' ಅಂದ ಮೇಲೆ ಬಂದದ್ದೇ ಅವರ ನಿಜವಾದ ಮಾತು. ತಾಯಿಯ ಕಣ್ಣು ಯಾರೂ ಹೇಳದ್ದು. ಕೊನೆಗೆ ಕೂತು ಕೇಳಿದಾಗ, ದೀಪ ಹಚ್ಚುತ್ತಿದ್ದ 'ಅವಳು' ಅಮ್ಮ ಅಲ್ಲವೇ ಅಲ್ಲ, ಅಕ್ಕ! ಅಜ್ಜಿಯಂದಿರು ಅವನು, ಅವಳು ಅಂತಲೇ ಹೇಳುತ್ತಾರೆ, ಅವರ ಕಣ್ಣ ಮುಂದೆ ಆ ಜನ ಇದ್ದಾರಲ್ವಾ. ಹಾಗಾಗಿ ಮೊದಲ ಕೆಲಸ, ಕಾಗದ ಕೈಯಲ್ಲಿ ಹಿಡಿದು ಆಡಿಯೋ ಕೇಳುವುದು. ತಪ್ಪು ಅಕ್ಷರ ತಿದ್ದಿ. ಯಾರು ಅಂತ ತಿಳಿಯದ ಪ್ರತಿ 'ಅವಳು' ಪಕ್ಕ ಒಂದು ಪ್ರಶ್ನೆ ಗುರುತು ಹಾಕಿ, ಹೋಗಿ ಕೇಳಿ. ಅಜ್ಜಿ ಹೇಳಿದ ಹೆಸರನ್ನು ಮಾತ್ರ ಅಲ್ಲಿ ಇಡಿ. ಊಹೆ ಬೇಡ.

ಆಮೇಲೆ ಕತ್ತರಿ. ಹೇಳಿದ್ದನ್ನೇ ಮತ್ತೆ ಹೇಳಿದ್ದೆಲ್ಲ ಕಸ ಅಲ್ಲ. 'ಅಪ್ಪ ಬರ್ಲೇ ಇಲ್ಲ' ಎರಡನೇ ಸಲ ಬಂದದ್ದು, ಬಾಗಿಲು ತಟ್ಟಿ ತಪ್ಪಿಹೋದ ಎಳೆಯನ್ನು ಮತ್ತೆ ಹಿಡಿಯಲು. ಅದು ಹೋಗಲಿ. 'ಹಚ್ತಾಳೆ, ಆರತ್ತೆ' ಎರಡು ಸಲ ಬಂದದ್ದು ದೀಪ ಹಾಗೇ ಮತ್ತೆ ಮತ್ತೆ ಆರಿದ್ದಕ್ಕೆ. ಅದು ಇರಲಿ. ಗೊತ್ತಾಗುವುದು ಹೇಗೆ? ಒಂದನ್ನು ತೆಗೆದು ಜೋರಾಗಿ ಓದಿ. ನಡೆದದ್ದೇನೂ ಕಡಿಮೆಯಾಗದಿದ್ದರೆ ಸರಿ. ಕಡಿಮೆಯಾದರೆ ವಾಪಸ್ ಹಾಕಿ.

ಈಗ ಕೇಳಿ, ಸರಿಯಾದದ್ದು ಹೀಗಿದೆ: 'ಆವತ್ತು ಅಪ್ಪ ಬರಲೇ ಇಲ್ಲ. ಬರೀ ಗಾಳಿ. ದೀಪ ನಿಲ್ಲಲೇ ಇಲ್ಲ. ಅಕ್ಕ ಹಚ್ಚುತ್ತಾಳೆ, ಆರುತ್ತೆ. ಹಚ್ಚುತ್ತಾಳೆ, ಆರುತ್ತೆ. ಮಳೆ ಬಂದದ್ದು ಮಾರನೇ ದಿನ.' ನುಂಗಿದ ಅಕ್ಷರ ಬಿಡಿಸಿದ್ದೇವೆ, ಮಳೆಯನ್ನು ಅದರ ಜಾಗಕ್ಕೆ ಕಳಿಸಿದ್ದೇವೆ. 'ಅಕ್ಕ' ಅನ್ನುವುದು ಅಜ್ಜಿಯನ್ನೇ ಕೇಳಿ ಹಾಕಿದ್ದು. 'ಆತಂಕ' ಬೇಕೇ ಇಲ್ಲ. ದಯವಿಟ್ಟು ಸೇರಿಸಬೇಡಿ.

ಗಡಿಯಾರ ನೋಡಿದರೆ ನನ್ನ ಸಮಯ ಮುಗಿಯುತ್ತಾ ಬಂದಿದೆ, ದೀಪಾಳೇ ಎಲ್ಲ ತಿಂದಳು. ಉಳಿದದ್ದು ಬೇಗ ಹೇಳಿಬಿಡುತ್ತೇನೆ. ಒಂದೇ ಕಥೆ ಎರಡು ಮೂರು ವಾಯ್ಸ್ ನೋಟಿನಲ್ಲಿ ಇದ್ದರೆ, ಚೆನ್ನಾಗಿ ಹರಿದ ಒಂದನ್ನು ಬುನಾದಿ ಮಾಡಿಕೊಳ್ಳಿ. ಉಳಿದವುಗಳಿಂದ ಹೊಸ ಸಂಗತಿ ಮಾತ್ರ ತನ್ನಿ. ಒಂದಕ್ಕೊಂದು ಹೊಂದದಿದ್ದರೆ ಅಜ್ಜಿಯನ್ನೇ ಕೇಳಿ. ಅವರಿಗೂ ಖಚಿತ ಇಲ್ಲದಿದ್ದರೆ 'ಇನ್ನೊಂದು ಸಲ ಹೀಗೆ ಹೇಳಿದ್ದರು' ಅಂತ ಎರಡನ್ನೂ ಬರೆಯಿರಿ. ಮೂಲ ಆಡಿಯೋ ಅಳಿಸಬೇಡಿ, ಫೋನಿನ ಹೊರಗೂ ಒಂದು ಪ್ರತಿ ಇರಲಿ. ಬರೆದದ್ದನ್ನು ಅಜ್ಜಿಗೆ ಓದಿ ಹೇಳಿ. ಓದುವಾಗ ಅವರು ಎಲ್ಲಿ ನಡುವೆ ಬಾಯಿ ಹಾಕುತ್ತಾರೋ, ಅಲ್ಲೇ ಪೆನ್ನು ತೆಗೆಯಿರಿ. ನಮಸ್ಕಾರ.